ಹತ್ತು ಪರ್ಸೆಂಟ್ ಬೂದಿ ಅಂದರೆ ಎಷ್ಟು ಗ್ರಾಂ? ಸಿವಿಲ್ ಪ್ರಾಜೆಕ್ಟ್ ರಿಪೋರ್ಟಿನ ಮೆಥಡಾಲಜಿ ಬರೆಯುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಸಿವಿಲ್ ವಿದ್ಯಾರ್ಥಿಗಳು ಫೈನಲ್ ಇಯರ್ ಪ್ರಾಜೆಕ್ಟಿಗೆ ಮತ್ತೆ ಮತ್ತೆ ಆರಿಸಿಕೊಳ್ಳುವ ವಿಷಯ ಒಂದಿದೆ. ಎರೆ ಮಣ್ಣಿಗೆ ಏನಾದರೂ ಬೆರೆಸಿ ಅದು ರಸ್ತೆಯ ಬುಡಕ್ಕೆ ಆಗುತ್ತದಾ ಅಂತ ನೋಡುವುದು. ಮಣ್ಣು ಊರಿನ ಹೊಲದಲ್ಲೇ ಸಿಗುತ್ತದೆ. ಬೆರೆಸಲು ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳ ಭತ್ತದ ಹೊಟ್ಟಿನ ಬೂದಿ ಇದೆ, ಶಕ್ತಿನಗರದ ಹಾರುಬೂದಿ ಇದೆ, ತೋರಣಗಲ್ಲಿನ ಸ್ಲ್ಯಾಗ್ ಇದೆ.

ಕೆಲಸ ಚೆನ್ನಾಗಿಯೇ ಆಗಿರುತ್ತದೆ. ಆದರೆ ರಿಪೋರ್ಟಿನ ಮೆಥಡಾಲಜಿ ಅಧ್ಯಾಯ ತೆಗೆದರೆ ಅಲ್ಲಿ ಅವರ ಕೆಲಸ ಕಾಣುವುದಿಲ್ಲ. ಲ್ಯಾಬ್ ಮ್ಯಾನುಯಲ್ ಕಾಣುತ್ತದೆ. ಹತ್ತು ಪುಟ ಪರೀಕ್ಷಾ ವಿಧಾನ, ಉಪಕರಣಗಳ ಪಟ್ಟಿ, ಕಾಸಗ್ರಾಂಡೆ ಕಪ್ಪಿನ ಚಿತ್ರ. ಇವರು ಯಾವ ಮಣ್ಣು ತಂದರು, ಬೂದಿ ಹೇಗೆ ಬೆರೆಸಿದರು ಅನ್ನುವುದು ಎರಡೇ ಸಾಲು.

ನಾನು ಸಿವಿಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಪ್ರಾಜೆಕ್ಟುಗಳಿಗೆ ಗೈಡ್ ಆಗಿದ್ದೇನೆ. ಇಲ್ಲಿ ಎರೆ ಮಣ್ಣು ಮತ್ತು ಹೊಟ್ಟಿನ ಬೂದಿಯ ಒಂದೇ ಪ್ರಾಜೆಕ್ಟ್ ಹಿಡಿದು, ಅದರ ಮೆಥಡಾಲಜಿಯನ್ನು ಮೊದಲಿಂದ ಕಟ್ಟಿ ತೋರಿಸುತ್ತೇನೆ. ರಿಪೋರ್ಟ್ ಇಂಗ್ಲಿಷಿನಲ್ಲಿ ಬರೆಯುತ್ತೀರಿ, ಗೊತ್ತು. ಆದರೆ ಏನು ಬರೆಯಬೇಕು ಅನ್ನುವುದು ಮೊದಲು ನಮ್ಮ ಭಾಷೆಯಲ್ಲಿ ತಿಳಿಯಾಗಲಿ.

ಮೊದಲು ನೋಟ್‌ಬುಕ್, ಆಮೇಲೆ ಕಂಪ್ಯೂಟರ್

ಈ ಅಧ್ಯಾಯವನ್ನು ಹಳೆಯ ಬ್ಯಾಚಿನ ರಿಪೋರ್ಟ್ ತೆರೆದಿಟ್ಟುಕೊಂಡು ಶುರು ಮಾಡಬೇಡಿ. ನಿಮ್ಮ ಸಿನಾಪ್ಸಿಸ್ ತೆರೆದುಕೊಂಡೂ ಬೇಡ. ಸಿನಾಪ್ಸಿಸ್ ಬರೆದಾಗ ಕೆಲಸ ಇನ್ನೂ ಆಗಿರಲಿಲ್ಲ. ಅಲ್ಲಿಂದ ತಂದು ಅಂಟಿಸಿದ ವಾಕ್ಯಗಳು 'ಪರೀಕ್ಷೆ ಮಾಡಲಾಗುವುದು' ಅಂತಲೇ ಉಳಿಯುತ್ತವೆ. ಮಾಡದ ಪರೀಕ್ಷೆಗಳೂ ಅದರ ಜೊತೆ ಬಂದು ಕೂರುತ್ತವೆ. ಫಲಿತಾಂಶದ ಅಧ್ಯಾಯದಲ್ಲಿ ಆ ಪರೀಕ್ಷೆಯ ಒಂದು ಅಂಕಿಯೂ ಇರುವುದಿಲ್ಲ. ಎಕ್ಸ್‌ಟರ್ನಲ್ ಕಣ್ಣಿಗೆ ಅದು ಬೇಗ ಬೀಳುತ್ತದೆ.

ಲ್ಯಾಬ್ ನೋಟ್‌ಬುಕ್ ತೆಗೆಯಿರಿ. ಮಣ್ಣು ಅಗೆದ ದಿನದಿಂದ ಕೊನೆಯ ಮೌಲ್ಡ್ ಒಡೆದ ದಿನದವರೆಗೆ ಏನೇನು ಮಾಡಿದಿರಿ ಅಂತ ತಾರೀಖಿನ ಪ್ರಕಾರ ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ನಾಲ್ಕೂ ಜನ ಒಟ್ಟಿಗೆ ಕೂತು ಬರೆಯಿರಿ. ಒಬ್ಬರಿಗೆ ನೆನಪಿಲ್ಲದ್ದು ಇನ್ನೊಬ್ಬರಿಗೆ ನೆನಪಿರುತ್ತದೆ, ಅಲ್ವಾ? ಆ ಹಾಳೆಯ ಕ್ರಮವೇ ನಿಮ್ಮ ಅಧ್ಯಾಯದ ಕ್ರಮ. ಫ್ಲೋಚಾರ್ಟ್ ಬೇಕಿದ್ದರೂ ಅದರಿಂದಲೇ ಬರೆಯಿರಿ.

ಮಣ್ಣು: ಎಲ್ಲಿಂದ, ಎಷ್ಟು ಆಳದಿಂದ, ಹೇಗೆ ಒಣಗಿಸಿ

'ಎರೆ ಮಣ್ಣನ್ನು ರಾಯಚೂರು ಜಿಲ್ಲೆಯಿಂದ ಸಂಗ್ರಹಿಸಲಾಯಿತು' ಅಂದರೆ ಏನೂ ಹೇಳಿದಂತಾಗಲಿಲ್ಲ. ಸಿಂಧನೂರಿನ ನೀರಾವರಿ ಗದ್ದೆಯ ಎರೆಗೂ ಲಿಂಗಸೂಗೂರಿನ ಮಳೆಯಾಶ್ರಿತ ಹೊಲದ ಎರೆಗೂ ವ್ಯತ್ಯಾಸ ಇರಬಹುದು. ಊರು, ಹೊಲ ಎಂಥದ್ದು, ಫೋನಿನಲ್ಲಿ ತೆಗೆದ ಅಕ್ಷಾಂಶ ರೇಖಾಂಶ, ತಿಂಗಳು, ಆಳ ಇಷ್ಟನ್ನೂ ಬರೆಯಿರಿ. ಮೇಲಿನ ಪದರದಲ್ಲಿ ಬೇರು, ಕೂಳೆ, ಗೊಬ್ಬರ ಇರುತ್ತವೆ. ಅದಕ್ಕೇ ಅರ್ಧ ಮೀಟರಿನಷ್ಟು ತೆಗೆದು ಕೆಳಗಿನ ಮಣ್ಣು ತೆಗೆದುಕೊಳ್ಳುತ್ತೇವೆ. ಹಾಗೆ ಮಾಡಿದ್ದರೆ ಆ ಅಳತೆ ಬರೆಯಿರಿ.

ಒಣಗಿಸಿದ್ದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ತುಂಬಾ ಜನ ಎಡವುತ್ತಾರೆ. 'ಮಣ್ಣನ್ನು ಓವನ್‌ನಲ್ಲಿ ಒಣಗಿಸಿ ಎಲ್ಲ ಪರೀಕ್ಷೆಗೆ ಬಳಸಲಾಯಿತು' ಅಂತ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ನಿಜವಾಗಿ ಎರಡು ಬಗೆಯ ಒಣಮಣ್ಣು ಬಳಸಿರುತ್ತೀರಿ. ಲಿಕ್ವಿಡ್ ಲಿಮಿಟ್, ಪ್ಲಾಸ್ಟಿಕ್ ಲಿಮಿಟ್, ಪ್ರಾಕ್ಟರ್, ಸಿಬಿಆರ್ ಪರೀಕ್ಷೆಗಳಿಗೆ ನೆರಳಲ್ಲಿ ಹರಡಿ ಒಣಗಿಸಿದ ಮಣ್ಣು. ಜೇಡಿ ಜಾಸ್ತಿ ಇರುವ ಮಣ್ಣನ್ನು ಓವನ್‌ನಲ್ಲಿಟ್ಟು ಒಣಗಿಸಿದರೆ ಅದರ ಗುಣವೇ ಬದಲಾಗಬಹುದು. ಲಿಕ್ವಿಡ್ ಲಿಮಿಟ್ ಇರುವುದಕ್ಕಿಂತ ಕಡಿಮೆ ಬರಬಹುದು. ಆದರೆ ಫ್ರೀ ಸ್ವೆಲ್ ಇಂಡೆಕ್ಸ್‌ಗೆ ಐಎಸ್ 2720 ಭಾಗ 40 ಕೇಳುವುದೇ ಓವನ್‌ನಲ್ಲಿ ಒಣಗಿಸಿದ 10 ಗ್ರಾಂ ಮಣ್ಣನ್ನು. ಯಾವ ಪರೀಕ್ಷೆಗೆ ಯಾವುದು ಅಂತ ಬೇರೆ ಬೇರೆ ಹೇಳಿ. ಜರಡಿಯೂ ಹಾಗೆಯೇ. ಲಿಮಿಟ್‌ಗಳಿಗೆ ಮತ್ತು ಫ್ರೀ ಸ್ವೆಲ್‌ಗೆ 425 ಮೈಕ್ರಾನ್ ಜರಡಿ. ಪ್ರಾಕ್ಟರ್, ಸಿಬಿಆರ್‌ಗೆ ನೀವು ಯಾವ ಜರಡಿ ಹಿಡಿದಿರೋ ಅದು. ಎರೆ ಹೆಂಟೆಯನ್ನು ಮರದ ಸುತ್ತಿಗೆಯಿಂದ ಒಡೆದಿದ್ದರೆ ಅದನ್ನೂ ಒಂದು ಮಾತು ಬರೆಯಿರಿ.

ಇನ್ನೊಂದು ವಿಷಯ. ಮಣ್ಣು ಒಂದೇ ಸಲ ತಂದಿರಾ, ಎರಡು ಸಲನಾ? ಐದು ಮಿಶ್ರಣ, ಒಂದೊಂದಕ್ಕೆ ಮೂರು ಸಿಬಿಆರ್ ಮೌಲ್ಡ್ ಅಂದರೆ 15 ಮೌಲ್ಡ್. ಒಂದಕ್ಕೆ ಮೂರೂಕಾಲು ಕಿಲೋ ಮಣ್ಣು ಹಿಡಿದರೂ ಸುಮಾರು 50 ಕಿಲೋ ಆಯಿತು. ಪ್ರಾಕ್ಟರ್‌ಗೆ ಪ್ರತಿ ನೀರಿನ ಪ್ರಮಾಣಕ್ಕೂ ಹೊಸ ಮಣ್ಣು ಬಳಸಿದರೆ, ಐದು ಮಿಶ್ರಣಕ್ಕೆ ಐದೈದು ಬಿಂದು, ತಲಾ ಎರಡೂವರೆ ಕಿಲೋ ಅಂತ ಇನ್ನೂ 60 ಕಿಲೋ ಮೇಲೆ. ಒಂದು ಕ್ವಿಂಟಲ್‌ಗಿಂತ ಜಾಸ್ತಿ ಬೇಕು. ಎರಡು ಚೀಲ ತಂದು ಅರ್ಧದಲ್ಲಿ ಮುಗಿದು, ಮತ್ತೆ ಹೋಗಿ ಬೇರೆ ಗುಂಡಿಯಿಂದ ತಂದಿದ್ದರೆ ಅದನ್ನು ಮುಚ್ಚಿಡಬೇಡಿ. ಎರಡನೇ ಚೀಲದ ಮಣ್ಣಿಗೂ ಲಿಕ್ವಿಡ್ ಲಿಮಿಟ್ ಮಾಡಿ ನೋಡಿ. ಯಾವ ಮಿಶ್ರಣ ಯಾವ ಮಣ್ಣಿನದು ಅಂತ ಟೇಬಲ್‌ನಲ್ಲಿ ಗುರುತು ಹಾಕಿ.

ಬೂದಿ: ಮಿಲ್ಲಿನ ಬೂದಿಗೆ ಬಣ್ಣವೂ ಒಂದು ಮಾಹಿತಿ

ಭತ್ತದ ಹೊಟ್ಟನ್ನು ಹದವಾದ ಶಾಖದಲ್ಲಿ, ಸುಮಾರು 500ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರ ಸಿಲಿಕಾ ಬೇಗ ಪ್ರತಿಕ್ರಿಯಿಸುವ ರೂಪದಲ್ಲಿ ಉಳಿಯುತ್ತದೆ. ಶಾಖ ಅದಕ್ಕಿಂತ ಬಹಳ ಮೇಲೆ ಹೋದರೆ ಸಿಲಿಕಾ ಹರಳುಗಟ್ಟಿ ಮಂಕಾಗುತ್ತದೆ. ಮಿಲ್ಲಿನ ಬಾಯ್ಲರ್‌ನಲ್ಲಿ ಈ ಹದ ಯಾರೂ ನೋಡುವುದಿಲ್ಲ. ಅಲ್ಲಿ ಬೇಕಾಗಿರುವುದು ಆವಿ, ಬೂದಿಯಲ್ಲ. ಹಾಗಾಗಿ ಒಂದೇ ಮಿಲ್ಲಿನಲ್ಲಿ ಬೆಳ್ಳಗಿನ ಬೂದಿಯೂ ಸಿಗುತ್ತದೆ, ಕಪ್ಪು ಬೂದಿಯೂ ಸಿಗುತ್ತದೆ. ಕಪ್ಪಗಿದ್ದರೆ ಸುಡದ ಇಂಗಾಲ ಜಾಸ್ತಿ ಇದೆ ಅಂತ ಅರ್ಥ.

ಆದ್ದರಿಂದ ಬೂದಿಯನ್ನು ಬಾಯ್ಲರ್ ಬಾಯಿಂದ ತೆಗೆದಿರಾ, ಹೊರಗಿನ ಗುಡ್ಡೆಯಿಂದ ತೆಗೆದಿರಾ, ಬಣ್ಣ ಹೇಗಿತ್ತು, ಒದ್ದೆಯಿತ್ತಾ, ಯಾವ ಜರಡಿ ಹಿಡಿದಿರಿ ಅಂತ ಬರೆಯಿರಿ. ಲಾಸ್ ಆನ್ ಇಗ್ನಿಷನ್ ಮಾಡಿಸಿದ್ದರೆ ಅಂಕಿ ಕೊಡಿ. ಮಾಡಿಸಿಲ್ಲದಿದ್ದರೆ ಯಾವುದೋ ಪೇಪರಿನಲ್ಲಿದ್ದ ಬೂದಿಯ ರಾಸಾಯನಿಕ ಟೇಬಲ್ ತಂದು 'ಬಳಸಿದ ಬೂದಿಯ ಗುಣಗಳು' ಅಂತ ಹಾಕಬೇಡಿ. ಅದು ನಿಮ್ಮ ಬೂದಿಯಲ್ಲ. ನಾನು ರಿಪೋರ್ಟ್ ಓದುವಾಗ ತುಂಬಾ ಬೇಸರ ಆಗುವ ಜಾಗ ಇದು.

ಹತ್ತು ಪರ್ಸೆಂಟ್, ಯಾವುದರ ಹತ್ತು ಪರ್ಸೆಂಟ್?

ಈ ಅಧ್ಯಾಯದ ಜೀವ ಇಲ್ಲಿದೆ. ಒಂದು ವರ್ಷ ನಮ್ಮ ಹುಡುಗರ ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದರು, "ಬೂದಿ ಎಷ್ಟು ಹಾಕಿದ್ದೀರಿ?"

"ಹತ್ತು ಪರ್ಸೆಂಟ್ ಹಾಕೀವ್ರಿ ಸರ್."

"ಯಾವುದರ ಹತ್ತು ಪರ್ಸೆಂಟ್?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರು ಒಂದು ಲೆಕ್ಕದಲ್ಲಿ ಬೆರೆಸಿದ್ದರು, ಇನ್ನಿಬ್ಬರು ಇನ್ನೊಂದು ಲೆಕ್ಕದಲ್ಲಿ.

ಎರಡು ಲೆಕ್ಕ ಹೀಗೆ. ಒಣಮಣ್ಣು 1000 ಗ್ರಾಂ ಇಟ್ಟು ಅದರ ಮೇಲೆ 100 ಗ್ರಾಂ ಬೂದಿ ಸೇರಿಸುವುದು ಒಂದು. ಒಟ್ಟು 1000 ಗ್ರಾಂನಲ್ಲಿ 900 ಮಣ್ಣು, 100 ಬೂದಿ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಮಿಶ್ರಣದೊಳಗೆ ಬೂದಿಯ ಪಾಲು 9.1 ಪರ್ಸೆಂಟ್, ಎರಡನೆಯದರಲ್ಲಿ 10. ಸಣ್ಣ ವ್ಯತ್ಯಾಸ ಅನಿಸಬಹುದು. 20 ಪರ್ಸೆಂಟಿಗೆ ಹೋದಾಗ ಒಂದರಲ್ಲಿ 16.7, ಇನ್ನೊಂದರಲ್ಲಿ 20. ಆಗ ಗ್ರಾಫೇ ಬೇರೆಯಾಗುತ್ತದೆ. ಎರಡರಲ್ಲಿ ಯಾವುದಾದರೂ ಸರಿಯೇ. ಆದರೆ 'ಬೂದಿಯ ಪ್ರಮಾಣವನ್ನು ಒಣಮಣ್ಣಿನ ತೂಕದ ಶೇಕಡಾವಾರು ಲೆಕ್ಕದಲ್ಲಿ ಸೇರಿಸಲಾಯಿತು' ಅನ್ನುವಂಥ ಒಂದು ಸ್ಪಷ್ಟ ವಾಕ್ಯ ಇರಲೇಬೇಕು.

ಈಗ ಒಂದು ಮೌಲ್ಡಿನ ಲೆಕ್ಕ ಪೂರ್ತಿ ಮಾಡೋಣ. ಸಿಬಿಆರ್ ಮೌಲ್ಡ್ 150 ಮಿ.ಮೀ. ಅಗಲ. ಒಳಗೆ ಸ್ಪೇಸರ್ ಡಿಸ್ಕ್ ಇಟ್ಟ ಮೇಲೆ ಮಣ್ಣಿಗೆ ಉಳಿಯುವ ಎತ್ತರ 127.3 ಮಿ.ಮೀ. ಅಂದರೆ 2250 ಘನ ಸೆಂ.ಮೀ. ಜಾಗ. ಹತ್ತು ಪರ್ಸೆಂಟ್ ಮಿಶ್ರಣಕ್ಕೆ ಪ್ರಾಕ್ಟರ್‌ನಲ್ಲಿ ಗರಿಷ್ಠ ಒಣ ಸಾಂದ್ರತೆ 1.50, ಅದಕ್ಕೆ ತಕ್ಕ ನೀರು 24 ಪರ್ಸೆಂಟ್ ಬಂದಿದೆ ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ನೆರಳಲ್ಲಿ ಒಣಗಿಸಿದ ಎರೆ ಮಣ್ಣಿನಲ್ಲಿ ಇನ್ನೂ 7 ಪರ್ಸೆಂಟ್ ತೇವ ಉಳಿದಿದೆ. ಬೂದಿಯನ್ನು ಓವನ್‌ನಲ್ಲಿ ಒಣಗಿಸಿದ್ದೀರಿ.

```
ಒಟ್ಟು ಒಣ ತೂಕ      = 2250 × 1.50   = 3375 ಗ್ರಾಂ
ಒಣಮಣ್ಣು           = 3375 / 1.10   = 3068 ಗ್ರಾಂ
ಬೂದಿ              = 3375 − 3068   = 307 ಗ್ರಾಂ
ಬೇಕಾದ ನೀರು        = 3375 × 0.24   = 810 ಗ್ರಾಂ
ತೂಗಬೇಕಾದ ಮಣ್ಣು     = 3068 × 1.07   = 3283 ಗ್ರಾಂ
ಮಣ್ಣಲ್ಲೇ ಇರುವ ನೀರು  = 3283 − 3068   = 215 ಗ್ರಾಂ
ಸೇರಿಸಬೇಕಾದ ನೀರು    = 810 − 215     = 595 ಗ್ರಾಂ
ಮೌಲ್ಡಿಗೆ ಹೋಗುವುದು   = 3283+307+595 = 4185 ಗ್ರಾಂ
```

ಮಣ್ಣು 'ಒಣಗಿದೆಯಲ್ಲ' ಅಂತ ಆ 7 ಪರ್ಸೆಂಟ್ ಮರೆತರೆ ಏನಾಗುತ್ತದೆ ನೋಡಿ. 3068 ಗ್ರಾಂ ಮಣ್ಣು ತೂಗಿ, 307 ಬೂದಿ ಹಾಕಿ, 810 ನೀರು ಸುರಿಯುತ್ತೀರಿ. ಒಟ್ಟು ಎಷ್ಟು? ಮತ್ತೆ 4185. ತಕ್ಕಡಿ ಏನೂ ಹೇಳುವುದಿಲ್ಲ. ಮೌಲ್ಡೂ ಸರಿಯಾಗಿ ತುಂಬುತ್ತದೆ. ಆದರೆ ಒಳಗಿನ ನೀರು 24 ಅಲ್ಲ, ಹತ್ತಿರಹತ್ತಿರ 32 ಪರ್ಸೆಂಟ್. ಒಣ ಸಾಂದ್ರತೆ 1.50 ಅಲ್ಲ, 1.41. ಸಿಬಿಆರ್ ಕಡಿಮೆ ಬಂದರೆ ನೀವು ಬೂದಿಯನ್ನು ದೂರುತ್ತೀರಿ.

ನಾನು ಓದುವಾಗ ನಮ್ಮ ಗುಂಪು ಮಾಡಿದ ತಪ್ಪು ಇದೇ. ಮೂರು ವಾರದ ಮೌಲ್ಡುಗಳು ಹೋದವು. ಗೊತ್ತಾಗಿದ್ದು ಹೇಗೆ ಅಂದರೆ, ತಟ್ಟೆಯಲ್ಲಿ ಉಳಿದ ಮಿಶ್ರಣವನ್ನು ಗೆಳತಿಯೊಬ್ಬಳು ಮಾಯಿಶ್ಚರ್ ಕ್ಯಾನಿಗೆ ಹಾಕಿ ಓವನ್‌ನಲ್ಲಿಟ್ಟಳು. ಮರುದಿನ ತೂಗಿದಾಗ ತೇವ ನಮ್ಮ ಲೆಕ್ಕಕ್ಕಿಂತ ಬಹಳ ಮೇಲಿತ್ತು. ಆಮೇಲೆ ನಾವು ಪ್ರತಿ ಬ್ಯಾಚಿನಲ್ಲೂ ಸ್ವಲ್ಪ ಜಾಸ್ತಿ ಕಲಸಿ, ಉಳಿದದ್ದರಿಂದ ಒಂದು ಕ್ಯಾನ್ ತೆಗೆದಿಟ್ಟೆವು. ನೀವೂ ಹಾಗೆ ಮಾಡಿದ್ದರೆ ಅದು ಮೆಥಡಾಲಜಿಯಲ್ಲಿ ಬರಲಿ. ಮೇಲಿನಂಥ ಒಂದು ಲೆಕ್ಕವನ್ನೂ ಪೂರ್ತಿಯಾಗಿ ಹಾಕಿ. ಉಳಿದ ಮಿಶ್ರಣಗಳಿಗೆ ಒಂದು ಟೇಬಲ್ ಸಾಕು.

ಕಲಸಿದ ಕ್ರಮವೂ ಮುಖ್ಯ. ಮಣ್ಣು, ಬೂದಿ ಒಣದಾಗಿಯೇ ಬಣ್ಣ ಒಂದಾಗುವವರೆಗೆ ಬೆರೆಸಿ ಆಮೇಲೆ ನೀರು ಹಾಕಿದಿರಾ? ನೀರು ಹಾಕಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಬಿಟ್ಟಿರಾ? ಎರೆ ಮಣ್ಣು ನೀರನ್ನು ನಿಧಾನಕ್ಕೆ ಕುಡಿಯುತ್ತದೆ. ಕಲಸಿದ ತಕ್ಷಣ ಒತ್ತಿದರೆ ಉಂಡೆಯ ಹೊರಗೆ ಒದ್ದೆ, ಒಳಗೆ ಒಣ. ಎಷ್ಟು ಗಂಟೆ ಬಿಟ್ಟಿರಿ ಅಂತ ಬರೆಯಿರಿ.

ಹೋಲಿಕೆಗೆ ಏನನ್ನು ಇಟ್ಟುಕೊಂಡಿರಿ

ಬೂದಿ ಹಾಕದ ಬರೀ ಮಣ್ಣಿನ ಮೌಲ್ಡ್ ಎಲ್ಲರೂ ಮಾಡುತ್ತಾರೆ. ಸಮಸ್ಯೆ ಬರುವುದು ಸುಣ್ಣ ಸೇರಿದಾಗ. ಹೊಟ್ಟಿನ ಬೂದಿಯಲ್ಲಿ ಸಿಲಿಕಾ ತುಂಬಾ ಇದೆ, ಸುಣ್ಣದ ಅಂಶ ತೀರಾ ಕಡಿಮೆ. ತಾನಾಗಿ ಗಟ್ಟಿಯಾಗುವ ಗುಣ ಅದಕ್ಕಿಲ್ಲ. ಹಾಗಾಗಿ ತುಂಬಾ ಗುಂಪುಗಳು ಜೊತೆಗೆ ಸುಣ್ಣವನ್ನೋ ಸಿಮೆಂಟನ್ನೋ ಹಾಕುತ್ತವೆ. ಆಗ ನಿಮ್ಮ ಸರಣಿಯಲ್ಲಿ ಮಣ್ಣು ಮತ್ತು ಸುಣ್ಣ ಮಾತ್ರ ಇರುವ ಮೌಲ್ಡುಗಳೂ ಬೇಕು. ಅವಿಲ್ಲದಿದ್ದರೆ ಸಿಬಿಆರ್ ಏರಿದ್ದು ಸುಣ್ಣದಿಂದಲೋ ಬೂದಿಯಿಂದಲೋ ಹೇಳಲು ಆಗುವುದಿಲ್ಲ. ಸುಣ್ಣ ಎರೆ ಮಣ್ಣನ್ನು ತಾನೊಂದೇ ಸುಧಾರಿಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ. ಸುಣ್ಣ ಬಳಸಿದವರು ಇನ್ನೂ ಎರಡು ಅಂಕಿ ಕೊಡಬೇಕು. ನೀರು ತಗುಲಿದ ಮೇಲೆ ಎಷ್ಟು ಹೊತ್ತಿನಲ್ಲಿ ಮೌಲ್ಡ್ ಒತ್ತಿದಿರಿ, ಒತ್ತಿದ ಮೇಲೆ ಎಷ್ಟು ದಿನ ಕ್ಯೂರಿಂಗ್ ಮಾಡಿದಿರಿ.

ಪ್ರಾಕ್ಟರ್ ಪ್ರತಿ ಮಿಶ್ರಣಕ್ಕೂ ಬೇರೆ ಮಾಡಿದಿರಾ ಅನ್ನುವುದನ್ನೂ ಹೇಳಿ. ಬೂದಿ ಮಣ್ಣಿಗಿಂತ ಹಗುರ, ನೀರೂ ಜಾಸ್ತಿ ಎಳೆಯುತ್ತದೆ. ಬೂದಿ ಏರಿದಂತೆ ಸಾಂದ್ರತೆ ಇಳಿಯುವುದು, ಬೇಕಾದ ನೀರು ಏರುವುದು ಸಾಮಾನ್ಯ. ಬರೀ ಮಣ್ಣಿನ ಅಂಕಿಯಲ್ಲೇ ಎಲ್ಲ ಮೌಲ್ಡ್ ಒತ್ತಿದ್ದರೆ ಅದನ್ನು ಬರೆಯದೆ ಬಿಡುವಂತಿಲ್ಲ.

ಪರೀಕ್ಷೆಗಳು: ಸಂಖ್ಯೆ ಹೇಳಿ, ನಿಮ್ಮ ಆಯ್ಕೆ ಹೇಳಿ, ಮುಂದೆ ಹೋಗಿ

ಐಎಸ್ 2720ರ ವಿಧಾನವನ್ನು ಮತ್ತೆ ಬರೆಯುವ ಅಗತ್ಯ ಇಲ್ಲ. ಓದುವವರ ಹತ್ತಿರ ಆ ಪುಸ್ತಕ ಇದೆ. ಲಿಮಿಟ್‌ಗಳಿಗೆ ಭಾಗ 5, ಲೈಟ್ ಕಾಂಪ್ಯಾಕ್ಷನ್‌ಗೆ ಭಾಗ 7, ಹೆವಿಗೆ ಭಾಗ 8, ಸಿಬಿಆರ್‌ಗೆ ಭಾಗ 16, ಇಷ್ಟು ಹೇಳಿದರೆ ಸಾಕು. ಬರೆಯಬೇಕಾದ್ದು ಆ ಪುಸ್ತಕ ನಿಮ್ಮ ಕೈಗೆ ಬಿಟ್ಟ ಆಯ್ಕೆಗಳನ್ನು.

ಸಿಬಿಆರ್ ಹಿಡಿದು ಹೇಳುತ್ತೇನೆ. ಮೌಲ್ಡನ್ನು ರ‍್ಯಾಮರ್‌ನಿಂದ ಬಡಿದು ತುಂಬಿದಿರಾ, ಮಷಿನ್‌ನಲ್ಲಿ ಒತ್ತಿದಿರಾ? ನೆನೆಸಿದಿರಾ, ನೆನೆಸದೆ ಮಾಡಿದಿರಾ? ನೆನೆಸಿದ್ದರೆ ಮೇಲೆ ಎಷ್ಟು ಭಾರ ಇಟ್ಟಿರಿ, ಉಬ್ಬಿದ್ದನ್ನು ಡಯಲ್ ಗೇಜಿನಲ್ಲಿ ಓದಿದಿರಾ? ಪ್ಲಂಜರ್ ನಿಮಿಷಕ್ಕೆ 1.25 ಮಿ.ಮೀ. ವೇಗದಲ್ಲಿ ಇಳಿಯಿತಾ? 2.5 ಮಿ.ಮೀ.ನಲ್ಲಿ ಬಂದದ್ದು ಕೊಟ್ಟಿರಾ, 5 ಮಿ.ಮೀ.ನಲ್ಲಿ ಬಂದದ್ದಾ? ಐದರ ಬೆಲೆ ಜಾಸ್ತಿ ಬಂದಾಗ ಪರೀಕ್ಷೆ ಮತ್ತೆ ಮಾಡಿದಿರಾ? ಗ್ರಾಫಿನ ಬುಡ ಒಳಕ್ಕೆ ಬಾಗಿದ್ದಾಗ ತಿದ್ದಿದಿರಾ? ಮೂರು ಮೌಲ್ಡಿನ ಸರಾಸರಿಯಾ, ಒಂದೇ ಮೌಲ್ಡಾ? ಇವಕ್ಕೆಲ್ಲ ಉತ್ತರ ಒಂದು ಪ್ಯಾರಾದಲ್ಲಿ ಹಿಡಿಯುತ್ತದೆ. ಹೀಗೆ:

'ಪ್ರತಿ ಮಿಶ್ರಣದಿಂದ ಮೂರು ಮೌಲ್ಡುಗಳನ್ನು ಆಯಾ ಮಿಶ್ರಣದ ಗರಿಷ್ಠ ಒಣ ಸಾಂದ್ರತೆಗೆ, ಅದಕ್ಕೆ ತಕ್ಕ ನೀರಿನಲ್ಲಿ, ಮಷಿನ್‌ನಿಂದ ಒತ್ತಿ ತಯಾರಿಸಲಾಯಿತು. 2.5 ಕಿಲೋ ಭಾರ ಇಟ್ಟು 96 ಗಂಟೆ ನೆನೆಸಲಾಯಿತು. ನಿಮಿಷಕ್ಕೆ 1.25 ಮಿ.ಮೀ. ವೇಗದಲ್ಲಿ ಪ್ಲಂಜರ್ ಇಳಿಸಿ ಐಎಸ್ 2720 ಭಾಗ 16ರಂತೆ ಪರೀಕ್ಷಿಸಲಾಯಿತು. ಮೂರರ ಸರಾಸರಿಯನ್ನು ಕೊಡಲಾಗಿದೆ.'

ಪ್ಲಂಜರ್‌ನ ಚಿತ್ರ, ಉಪಕರಣದ ಪಟ್ಟಿ, ಮುನ್ನೆಚ್ಚರಿಕೆ ಯಾವುದೂ ಬೇಡ. ಫೋಟೊ ಹಾಕುವುದಿದ್ದರೆ ನೀವೇ ತೆಗೆದದ್ದು ಹಾಕಿ.

ಅಂಕಿಗಳ ಜಾಗದ ಬಗ್ಗೆ ಒಂದು ಮಾತು. ಬರೀ ಮಣ್ಣಿನ ಗುಣಗಳು ಮೆಥಡಾಲಜಿಯ ಸಾಮಗ್ರಿ ಭಾಗದಲ್ಲಿ ಬರಬಹುದು, ಅವು ನಿಮ್ಮ ಕಚ್ಚಾ ವಸ್ತುವಿನ ಪರಿಚಯ. ಬೂದಿ ಬೆರೆಸಿದ ಮೇಲೆ ಬಂದದ್ದೆಲ್ಲ ಫಲಿತಾಂಶಕ್ಕೆ ಹೋಗಲಿ. ಪ್ರಾಕ್ಟರ್ ಅಂಕಿ ಮೌಲ್ಡಿನ ಲೆಕ್ಕಕ್ಕೂ ಬೇಕಾಗುತ್ತದಲ್ಲ, ಅದಕ್ಕೆ ಮುಂದಿನ ಅಧ್ಯಾಯದ ಟೇಬಲ್ ಸಂಖ್ಯೆ ತೋರಿಸಿದರೆ ಆಯಿತು.

ತಪ್ಪಿಹೋದದ್ದನ್ನು ಬರೆಯುವುದು

ನೆನೆಸಿಟ್ಟ ನಾಲ್ಕನೇ ದಿನ ರಜೆ ಬಂತು, ಲ್ಯಾಬ್ ತೆಗೆಯಲಿಲ್ಲ, ಐದನೇ ದಿನ ಪರೀಕ್ಷೆ ಮಾಡಿದಿರಿ. ಇಂಥದ್ದು ಆಗುತ್ತದೆ. ಹೆದರಿ 96 ಗಂಟೆ ಅಂತ ಬರೆಯಬೇಡಿ. 'ಹದಿನೈದು ಪರ್ಸೆಂಟ್ ಮಿಶ್ರಣದ ಮೂರು ಮೌಲ್ಡುಗಳು 120 ಗಂಟೆ ನೆನೆದವು' ಅಂತ ಒಂದು ವಾಕ್ಯ ಸಾಕು. ಆಮೇಲೆ ಆ ಮಿಶ್ರಣದ ಅಂಕಿ ಸಾಲು ಬಿಟ್ಟು ಬಂದರೆ ಓದುವವರಿಗೆ ಒಂದು ಕಾರಣ ಸಿಗುತ್ತದೆ, ವೈವಾದಲ್ಲಿ ನಿಮಗೂ ಉತ್ತರ ಸಿಗುತ್ತದೆ. ಒಂದು ಮೌಲ್ಡನ್ನು ಕೈಬಿಟ್ಟಿದ್ದರೆ ಯಾವುದು, ಯಾಕೆ ಅಂತ ಹೇಳಿ. ಅಂಕಿ ಚೆನ್ನಾಗಿ ಬರಲಿಲ್ಲ ಅನ್ನುವುದು ಕಾರಣವಲ್ಲ. ಮೌಲ್ಡಿನ ತಳ ಬಿರಿದಿತ್ತು ಅನ್ನುವುದು ಕಾರಣ.

ಗೈಡಿಗೆ ಕೊಡುವ ಮುಂಚೆ ಒಂದು ಪರೀಕ್ಷೆ

ಅಧ್ಯಾಯವನ್ನು ಪ್ರಿಂಟ್ ತೆಗೆದು ಮೂರನೇ ವರ್ಷದ ಒಬ್ಬ ಜೂನಿಯರ್‌ಗೆ ಕೊಡಿ. ಜೊತೆಗೆ ನಿಮ್ಮ ಪ್ರಾಕ್ಟರ್ ಟೇಬಲ್, ಒಂದು ಕ್ಯಾಲ್ಕುಲೇಟರ್. 'ಹದಿನೈದು ಪರ್ಸೆಂಟಿನ ಒಂದು ಸಿಬಿಆರ್ ಮೌಲ್ಡಿಗೆ ಮಣ್ಣು ಎಷ್ಟು ಗ್ರಾಂ, ಬೂದಿ ಎಷ್ಟು, ನೀರು ಎಷ್ಟು ತೂಗಬೇಕು ಹೇಳು' ಅಂತ ಕೇಳಿ. ನೀವು ಪಕ್ಕದಲ್ಲಿ ಸುಮ್ನೆ ಕೂರಿ, ಬಾಯಿ ತೆರೆಯಬೇಡಿ. ಅವನೋ ಅವಳೋ ತಲೆಯೆತ್ತಿ 'ಮಣ್ಣಿನ ತೇವ ಎಷ್ಟಿತ್ರಿ?' ಅಂತ ಕೇಳಿದರೆ ಆ ಸಾಲು ನಿಮ್ಮ ಅಧ್ಯಾಯದಲ್ಲಿ ಇಲ್ಲ. ಅವರು ಕೇಳಿದ ಪ್ರತಿ ಪ್ರಶ್ನೆಯನ್ನೂ ಅಂಚಿನಲ್ಲಿ ಬರೆದುಕೊಳ್ಳಿ. ಅವರಿಗೆ ಬಂದ ಅಂಕಿ ನಿಮ್ಮ ನೋಟ್‌ಬುಕ್ಕಿನ ಅಂಕಿಗೆ ಕೂಡಿದ ದಿನ ಅಧ್ಯಾಯವನ್ನು ಗೈಡ್ ಮೇಜಿನ ಮೇಲಿಡಿ.